ಪಸೆ ಆರುವ ಮುನ್ನ ಕ್ರೀಮ್

ಆಷಾಢದ ಮಂಗಳೂರಿನಲ್ಲಿ ಮೂಗಿನ ಪಕ್ಕ ಕರಗಿ ಇಳಿಯುವ ಫೌಂಡೇಶನ್, ಡಿಸೆಂಬರಿನ ವಿಜಯಪುರದಲ್ಲಿ ಬಾಯಿಯ ಸುತ್ತ ಹೊಟ್ಟಿನಂತೆ ಏಳುತ್ತದೆ. ಎರಡೂ ಕಡೆ ಮೊದಲು ನೋಡಬೇಕಾದದ್ದು ಅದರ ಕೆಳಗೆ ಹಚ್ಚಿದ ಕ್ರೀಮನ್ನು.

ಮಳೆಗಾಲದ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ. ಆಗ ಗ್ಲಿಸರಿನ್ ಇರುವ ತೆಳು ಜೆಲ್ ಸ್ವಲ್ಪವೇ ಸಾಕು. ಚರ್ಮ ಅದನ್ನು ಹೀರಿದ ಮೇಲೆ ಸನ್‌ಸ್ಕ್ರೀನ್ ಹಚ್ಚಿ, ಫೌಂಡೇಶನ್ನನ್ನು ಕಲೆ ಇರುವಲ್ಲಿ ಮಾತ್ರ ಒತ್ತಿ. ಮಧ್ಯಾಹ್ನ ಮುಖ ಜಿಡ್ಡಾದರೆ ಮೊದಲು ಟಿಶ್ಯೂ ಒತ್ತಿ ಬೆವರು ತೆಗೆಯಿರಿ. ಬೆವರಿನ ಮೇಲೆಯೇ ಪೌಡರ್ ಹಾಕಿದರೆ ಅದು ತೇಪೆ ತೇಪೆಯಾಗಿ ಕಟ್ಟುತ್ತದೆ.

ಚಳಿಗಾಲಕ್ಕೆ ಆ ಜೆಲ್ ಒಂದೇ ಸಾಲದು. ಗ್ಲಿಸರಿನ್ ಹಿಡಿದಿಟ್ಟ ನೀರನ್ನು ಒಣಗಾಳಿ ಎಳೆದುಕೊಳ್ಳುತ್ತದೆ. ಮೇಲೊಂದು ಮುಚ್ಚಳ ಬೇಕು. ಮುಖ ತೊಳೆದು ಟವೆಲ್ಲಿನಿಂದ ಹಗುರಾಗಿ ಒತ್ತಿ, ಇನ್ನೂ ಪಸೆ ಇರುವಾಗಲೇ ಜೆಲ್ ಹಚ್ಚಿ, ಅದರ ಮೇಲೆ ದಪ್ಪ ಕ್ರೀಮ್ ಸವರಿ. ತುಟಿಗೆ ಪೆಟ್ರೋಲಿಯಂ ಜೆಲ್ಲಿ ಇರಲಿ. ಪೌಡರನ್ನಂತೂ ಈ ಕಾಲದಲ್ಲಿ ಡಬ್ಬಿಯಲ್ಲೇ ಬಿಡಿ. ತೊಳೆದ ಸ್ವಲ್ಪ ಹೊತ್ತಿಗೇ ಕೆನ್ನೆ ಬಿಗಿದುಕೊಂಡರೆ ಫೇಸ್‌ವಾಶ್ ನಿಮಗೆ ಕಟುವಾಗಿದೆ ಎಂದರ್ಥ. ಬೆಳಗ್ಗೆ ಬರೀ ನೀರಿನಲ್ಲಿ ತೊಳೆಯಿರಿ, ಬಿಸಿನೀರು ಬೇಡ, ಉಗುರುಬೆಚ್ಚಗಿರಲಿ.