ಮೂಲೆಯ ಕಣ್ಣನ್ನು ಅಳೆದು ಟಿಕೆಟ್ ಕೊಡಿ

ಬಸವಕಲ್ಯಾಣದಲ್ಲಿ ನಮ್ಮದೊಂದು ಆನ್‌ಲೈನ್ ಸೆಂಟರ್ ಇದೆ, ಹುಮನಾಬಾದಿನಲ್ಲಿ ತಮ್ಮ ಇನ್ನೊಂದು ನಡೆಸುತ್ತಾನೆ. ಪಹಣಿ, ಜಾತಿ ಪ್ರಮಾಣಪತ್ರ, ಹಾಲ್ ಟಿಕೆಟ್‌ಗಳ ಜೊತೆಗೆ ದಿನವೂ ಬರುವ ಕೆಲಸ ಪ್ರಯಾಣದ ಮತ್ತು ಪ್ರವೇಶದ ಟಿಕೆಟ್‌ಗಳದ್ದು. ಪುಣೆಯಲ್ಲೋ ಬೆಂಗಳೂರಲ್ಲೋ ಇರುವ ಮಗ ಅಲ್ಲಿಂದಲೇ ಬುಕ್ ಮಾಡಿ ನಮ್ಮ ಮೇಲ್‌ಗೆ ಕಳಿಸುತ್ತಾನೆ. ಇಲ್ಲಿ ತಂದೆ ತಾಯಿ ಬಂದು ಪ್ರಿಂಟ್ ತೆಗೆಸಿಕೊಂಡು ಸಸ್ತಾಪುರ ಬಂಗ್ಲಾದಲ್ಲಿ ಹೈದರಾಬಾದಿನ ಬಸ್ಸು ಹಿಡಿಯುತ್ತಾರೆ. ಅವರ ಕೈಯಲ್ಲಿರುವುದು ಗುಂಡಿ ಒತ್ತುವ ಸಾದಾ ಫೋನು. ಹಾಳೆಯ ಮೇಲಿನ ಕ್ಯೂಆರ್ ಕೋಡ್ ಗೇಟಿನಲ್ಲಿ ಓದದೆ ಹೋದರೆ ತೋರಿಸಲು ಬೇರೇನೂ ಇರುವುದಿಲ್ಲ. ಆದ್ದರಿಂದ ಈ ಕೆಲಸವನ್ನು ನಾವಿಬ್ಬರೂ ಹೇಗೆ ಮಾಡುತ್ತೇವೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

1. ಕೋಡ್ ಅಳೆಯಬೇಡಿ, ಅದರ ಕಣ್ಣು ಅಳೆಯಿರಿ

ಕ್ಯೂಆರ್ ಎಷ್ಟು ದೊಡ್ಡದಿರಬೇಕು ಎಂದು ಕೇಳಿದರೆ ಒಂದೇ ಉತ್ತರವಿಲ್ಲ. ಇದನ್ನು 1994ರಲ್ಲಿ ಜಪಾನಿನ ಡೆನ್ಸೊ ಕಂಪನಿ ವಾಹನದ ಬಿಡಿಭಾಗಗಳ ಲೆಕ್ಕಕ್ಕಾಗಿ ರೂಪಿಸಿತು. ಅದರಲ್ಲಿ ತುಂಬುವ ಮಾಹಿತಿ ಹೆಚ್ಚಾದಷ್ಟೂ ಕಪ್ಪು ಬಿಳಿ ಚೌಕಗಳು ಹೆಚ್ಚುತ್ತವೆ. ಅತಿ ಚಿಕ್ಕ ಕೋಡಿನಲ್ಲಿ ಒಂದು ಸಾಲಿಗೆ 21 ಚೌಕ, ಅತಿ ದೊಡ್ಡದರಲ್ಲಿ 177. ಕಿರಾಣಿ ಅಂಗಡಿಯ ಗಲ್ಲಾದ ಮೇಲಿರುವ ಹಣ ಪಾವತಿಯ ಕೋಡಿನಲ್ಲಿ ಮಾಹಿತಿ ಕಡಿಮೆ, ಹಾಗಾಗಿ ಚೌಕಗಳು ದಪ್ಪ. ಹೆಸರು, ದಿನಾಂಕ, ಬುಕಿಂಗ್ ಸಂಖ್ಯೆ ಎಲ್ಲವನ್ನೂ ತುಂಬಿದ ಟಿಕೆಟ್ ಕೋಡು ಅಷ್ಟೇ ಅಗಲವಿದ್ದರೂ ಒಳಗೆ ಸಾಸಿವೆಯಷ್ಟು ಸಣ್ಣ ಚೌಕಗಳು ಕಿಕ್ಕಿರಿದಿರುತ್ತವೆ. ಯಂತ್ರಕ್ಕೆ ಮುಖ್ಯವಾಗುವುದು ಆ ಒಂದು ಚೌಕದ ಗಾತ್ರ.

ಅದನ್ನು ಫೂಟ್‌ಪಟ್ಟಿಯಲ್ಲಿ ಅಳೆಯಲಾಗದು. ಆದರೆ ಪ್ರತಿ ಕ್ಯೂಆರ್‌ನ ಮೂರು ಮೂಲೆಗಳಲ್ಲಿ ಒಂದರೊಳಗೊಂದು ಚೌಕ ಕೂತ ಗುರುತಿದೆ, ನಾವು ಅದನ್ನು ಕಣ್ಣು ಎನ್ನುತ್ತೇವೆ. ಕೋಡ್ ಯಾವುದೇ ಇರಲಿ, ಎಷ್ಟೇ ದಟ್ಟವಿರಲಿ, ಕಣ್ಣಿನ ಅಗಲ ಸರಿಯಾಗಿ ಏಳು ಚೌಕ. ಆದ್ದರಿಂದ ಕಣ್ಣನ್ನು ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರೆ ಸಾಕು. ನಮ್ಮ ಅಂಗಡಿಯ ನಿಯಮವೆಂದರೆ ಕಣ್ಣು 3 ಮಿಲಿಮೀಟರ್ ಇರಬೇಕು. ಆಗ ಒಂದು ಚೌಕ 0.4 ಮಿಲಿಮೀಟರಿಗಿಂತ ತುಸು ಹೆಚ್ಚಾಗುತ್ತದೆ. ಎರಡೂವರೆ ಇದ್ದರೆ ಒಳ್ಳೆಯ ಲೇಸರ್ ಪ್ರಿಂಟಿನಲ್ಲಿ ಒಪ್ಪಿಕೊಳ್ಳುತ್ತೇವೆ. ಎರಡಕ್ಕಿಂತ ಕಡಿಮೆ ಬಂದರೆ ಗಿರಾಕಿಗೆ ಕೊಡುವುದಿಲ್ಲ, ಬೇರೆ ರೀತಿಯಲ್ಲಿ ತೆಗೆಯುತ್ತೇವೆ.

2. ಮೇಲ್ ಅಲ್ಲ, ಮೇಲ್ ಜೊತೆ ಬಂದ ಪಿಡಿಎಫ್

ಮೇಲ್ ತೆರೆದು ಅಲ್ಲೇ ಪ್ರಿಂಟ್ ಒತ್ತುವುದು ಸುಲಭ. ಆದರೆ ಆಗ ಬ್ರೌಸರ್ ಇಡೀ ಮೇಲನ್ನು ಹಾಳೆಯ ಅಗಲಕ್ಕೆ ಕುಗ್ಗಿಸುತ್ತದೆ. ಜಾಹೀರಾತು, ಷರತ್ತುಗಳ ನಡುವೆ ಕೋಡ್ ಚಿಕ್ಕದಾಗುತ್ತದೆ, ಕೆಲವೊಮ್ಮೆ ಎರಡು ಪುಟಗಳ ನಡುವೆ ತುಂಡಾಗುತ್ತದೆ. ಚಿತ್ರಗಳನ್ನು ತೋರಿಸಲು ಮೇಲ್ ಅನುಮತಿ ಕೇಳುತ್ತಿದ್ದರೆ ಕೋಡಿನ ಜಾಗ ಖಾಲಿಯೇ ಬರುತ್ತದೆ. ಕೆಳಗೆ ಲಗತ್ತಾಗಿರುವ ಪಿಡಿಎಫ್ ಇಳಿಸಿಕೊಂಡು ಅದನ್ನು ತೆರೆದೇ ಪ್ರಿಂಟ್ ಕೊಡಬೇಕು.

ಗಿರಾಕಿಗಳು ಹೆಚ್ಚಾಗಿ ತರುವುದು ಸ್ಕ್ರೀನ್‌ಶಾಟ್. ಅದನ್ನು ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರ ಒತ್ತಲ್ಪಟ್ಟು ಚೌಕಗಳ ಅಂಚು ಮಸುಕಾಗುತ್ತದೆ. ಅದನ್ನೇ ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆಯೇ ಬರುತ್ತದೆ. ಫೋನಿನಲ್ಲಿ ಡಾರ್ಕ್ ಮೋಡ್ ಇದ್ದರೆ ಇನ್ನೊಂದು ತೊಡಕು: ಕೆಲವು ಮೇಲ್‌ಗಳಲ್ಲಿ ಕೋಡಿನ ಸುತ್ತಲಿನ ಬಿಳಿ ಕಪ್ಪಾಗುತ್ತದೆ, ಕೆಲವೊಮ್ಮೆ ಕೋಡೇ ತಿರುವುಮುರುವಾಗಿ ಕಪ್ಪಿನ ಮೇಲೆ ಬಿಳಿ ಬರುತ್ತದೆ. ಹೊಸ ಫೋನು ಅದನ್ನೂ ಓದಬಹುದು, ಗೇಟಿನ ಯಂತ್ರ ಓದುತ್ತದೆಂಬ ಭರವಸೆಯಿಲ್ಲ. ಅಂಥದ್ದು ಬಂದರೆ ಮಗನಿಗೆ ಫೋನ್ ಹಚ್ಚಿಸಿ ಪಿಡಿಎಫ್ ತರಿಸಿಕೊಳ್ಳುತ್ತೇವೆ. ಎರಡು ನಿಮಿಷದ ಕೆಲಸ.

3. ಹಾಳೆ ಎ4, ಆಯ್ಕೆಯೂ ಎ4

ಪ್ರಿಂಟರ್ ಹೊಸದಾಗಿ ಹಾಕಿದಾಗ ಅಥವಾ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದಾಗ ಹಾಳೆಯ ಗಾತ್ರ ಎಷ್ಟೋ ಸಲ ತಾನಾಗಿ Letter ಎಂದು ಕೂತಿರುತ್ತದೆ. ಅದು ಅಮೆರಿಕದ ಹಾಳೆ, ಎತ್ತರ 279 ಮಿಲಿಮೀಟರ್. ನಮ್ಮ ಎ4 297. ಪುಟವನ್ನು ಅದರಲ್ಲಿ ಹೊಂದಿಸಲು ಎಲ್ಲವೂ ಶೇ. 94ಕ್ಕೆ ಇಳಿಯುತ್ತದೆ. ಒಂದೇ ಸಲ ಇಳಿದರೆ ಹಾನಿಯಿಲ್ಲ. ಒಬ್ಬರು ಪ್ರಿಂಟ್ ಕೊಡುವ ಬದಲು ಪಿಡಿಎಫ್ ಆಗಿ ಉಳಿಸಿ ಕಳಿಸಿ, ಇನ್ನೊಬ್ಬರು ಅದನ್ನೇ ಮತ್ತೆ ಹಾಗೆ ಮಾಡಿದರೆ ಮೂರು ಸುತ್ತಿನಲ್ಲಿ ಗಾತ್ರ ಶೇ. 83ಕ್ಕೆ ಬರುತ್ತದೆ.

ಅಡೋಬಿ ರೀಡರಿನ ಪ್ರಿಂಟ್ ಕಿಟಕಿಯಲ್ಲಿ Actual size, ಕ್ರೋಮ್‌ನಲ್ಲಿ More settings ಒಳಗೆ Scale ಎದುರು Custom ಆರಿಸಿ 100 ಕೊಡುವುದು ನಮ್ಮ ರೂಢಿ. ಆದರೆ Fit ಎಂಬುದು ಯಾವಾಗಲೂ ಶತ್ರುವಲ್ಲ. ಕೆಲವು ಟಿಕೆಟ್‌ಗಳ ಪುಟವೇ ಫೋನಿನ ಪರದೆಯಷ್ಟು ಚಿಕ್ಕದಿರುತ್ತದೆ. ಅಲ್ಲಿ Fit ಕೊಟ್ಟರೆ ಕೋಡ್ ಹಿಗ್ಗುತ್ತದೆ, ಅದು ಒಳ್ಳೆಯದೇ. ಯಾವುದನ್ನು ಆರಿಸಿದರೂ ಕೊನೆಗೆ ಫೂಟ್‌ಪಟ್ಟಿ ಕಣ್ಣಿನ ಮೇಲೆ ಬರಬೇಕು.

4. "ನಾಲ್ಕೂ ಒಂದೇ ಹಾಳಿಗಿ ತಗೀರಿ"

ಹೆಚ್ಚು ಟಿಕೆಟ್ ಕೆಡುವುದು ಈ ಮಾತಿನಿಂದ. ಹುಮನಾಬಾದಿನ ಅಂಗಡಿಗೆ ಒಂದು ಕುಟುಂಬ ಬಂತು. ಹೈದರಾಬಾದಿನ ಒಂದು ಮನರಂಜನಾ ಪಾರ್ಕಿಗೆ ನಾಲ್ಕು ಟಿಕೆಟ್, ನಾಲ್ಕು ಪಿಡಿಎಫ್. ಬೇರೆ ಕಡೆ ನಾಲ್ಕನ್ನೂ ಒಂದೇ ಹಾಳೆಯಲ್ಲಿ ತೆಗೆಸಿದ್ದರು, ತಮ್ಮನ ಹತ್ತಿರ ಬಂದದ್ದು ಅದರ ಝೆರಾಕ್ಸಿಗೆ.

"ಅಣ್ಣಾರ, ಝೆರಾಕ್ಸ್ ಬ್ಯಾಡ್ರಿ, ಮೇಲ್ ತೋರಸ್ರಿ" ಎಂದು ತಮ್ಮ ಮೂಲ ಪಿಡಿಎಫ್ ತೆರೆಸಿದ. ಮೂಲದಲ್ಲಿ ಕೋಡಿನ ಅಗಲ 20 ಮಿಲಿಮೀಟರ್, ಒಂದು ಸಾಲಿಗೆ 57 ಚೌಕ. ಕಣ್ಣು ಸುಮಾರು ಎರಡೂವರೆ ಮಿಲಿಮೀಟರ್, ಅಂದರೆ ಮೂಲವೇ ಗಡಿಯಲ್ಲಿತ್ತು. ಒಂದು ಹಾಳೆಗೆ ನಾಲ್ಕು ಪುಟ ಎಂದರೆ ಅಗಲ ಅರ್ಧ, ಪ್ರಿಂಟರ್ ಬಿಡುವ ಅಂಚನ್ನೂ ಕಳೆದರೆ ಅರ್ಧಕ್ಕಿಂತ ತುಸು ಕಡಿಮೆ. ಅವರು ತಂದ ಹಾಳೆಯಲ್ಲಿ ಕಣ್ಣು ಒಂದು ಮಿಲಿಮೀಟರಿನ ಮೇಲೆ ಒಂದಿಷ್ಟೇ ಇತ್ತು. ಒಂದು ಚೌಕ 0.17 ಮಿಲಿಮೀಟರ್. 300 ಡಿಪಿಐ ಪ್ರಿಂಟರ್ ಒಂದು ಚೌಕಕ್ಕೆ ಇಡಬಲ್ಲದ್ದು ಎರಡೇ ಚುಕ್ಕಿ. ಸಾದಾ ಕಾಗದದ ಮೇಲೆ ಇಂಕ್ ಹರಡಿದರೆ ನಡುವಿನ ಬಿಳಿ ಚೌಕಗಳು ಮುಚ್ಚಿಕೊಳ್ಳುತ್ತವೆ, ಝೆರಾಕ್ಸ್ ಮಾಡಿದರೆ ಇನ್ನಷ್ಟು. ಕಣ್ಣಿಗೆ ಮಾತ್ರ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಮೋಸ ಇರುವುದು ಅಲ್ಲಿ.

ಒಂದು ಹಾಳೆಗೆ ಎರಡು ಪುಟ ಕೊಟ್ಟರೂ ಗಾತ್ರ ಸುಮಾರು ಶೇ. 70ಕ್ಕೆ ಇಳಿಯುತ್ತದೆ, ಕಣ್ಣು ಎರಡು ಮುಟ್ಟುವುದಿಲ್ಲ. ಹಾಗೆಂದು ನಾಲ್ಕು ಹಾಳೆ ಬೇಕಾಗಿಯೂ ಇರಲಿಲ್ಲ. ಪುಟದ ಮುಕ್ಕಾಲು ಭಾಗ ಬರೀ ನಿಯಮ, ಷರತ್ತು. ಹೆಸರು, ದಿನಾಂಕ, ಬುಕಿಂಗ್ ಸಂಖ್ಯೆ, ಕೋಡ್ ಎಲ್ಲವೂ ಸುಮಾರು 100 ಮಿಲಿಮೀಟರ್ ಅಗಲದ ಒಂದು ಡಬ್ಬಿಯೊಳಗೆ ಇದ್ದವು. ಅಡೋಬಿ ರೀಡರಿನಲ್ಲಿ Take a Snapshot ಎಂಬ ಆಯ್ಕೆಯಿದೆ. ಅದರಿಂದ ಆ ಡಬ್ಬಿಯ ಸುತ್ತ ಗೆರೆ ಎಳೆದು ಪ್ರಿಂಟ್ ಒತ್ತಿದರೆ ಆ ಭಾಗ ಮಾತ್ರ ಹಾಳೆಗೆ ಹೋಗುತ್ತದೆ. ತಮ್ಮ ಎರಡು ಎ4 ಹಾಳೆಗಳನ್ನು ಅರ್ಧರ್ಧ ಕತ್ತರಿಸಿ ಎ5 ಮಾಡಿದ, ಪ್ರಿಂಟರಿನಲ್ಲೂ A5 ಆರಿಸಿ Fit ಕೊಟ್ಟ. ನೂರು ಮಿಲಿಮೀಟರಿನ ಡಬ್ಬಿ 138ಕ್ಕೆ ಹಿಗ್ಗಿತು, ಕಣ್ಣು ಮೂರು ದಾಟಿತು. ಎರಡು ಹಾಳೆಯಲ್ಲಿ ನಾಲ್ಕು ಟಿಕೆಟ್, ಪ್ರತಿಯೊಬ್ಬರ ಕೈಗೂ ತಮ್ಮ ತಮ್ಮದು. ಗೇಟಿನಲ್ಲಿ ಒಂದೇ ಹಾಳೆಯ ನಾಲ್ಕು ಕೋಡು ಒತ್ತೊತ್ತಾಗಿದ್ದರೆ ಸ್ಕ್ಯಾನರ್ ಒಂದನ್ನೇ ಎರಡು ಸಲ ಹಿಡಿದು "ಈಗಾಗಲೇ ಬಳಸಲಾಗಿದೆ" ಎನ್ನುವ ತಕರಾರೂ ಇದರಿಂದ ತಪ್ಪಿತು.

ಮಾಹಿತಿಯ ಮೇಲೂ ಒಂದು ಎಚ್ಚರ ಬೇಕು. ಗುರುತಿನ ಚೀಟಿಯ ಜೊತೆ ಹೋಲಿಸುವ ಕಡೆ ಹೆಸರು, ದಿನಾಂಕ ಕತ್ತರಿಸಿ ಬರೀ ಕೋಡ್ ಕೊಡಬಾರದು.

5. ಸುತ್ತಲಿನ ಬಿಳಿಯೂ ಕೋಡಿನದೇ

ಕೋಡಿನ ನಾಲ್ಕೂ ಕಡೆ ನಾಲ್ಕು ಚೌಕದಷ್ಟು ಬಿಳಿ ಜಾಗ ಇರಬೇಕೆಂದು ನಿಯಮವೇ ಇದೆ. ಕಣ್ಣು 3 ಮಿಲಿಮೀಟರ್ ಇದ್ದರೆ ಅದು ಎರಡು ಮಿಲಿಮೀಟರಿನೊಳಗೆ, ಹೆಚ್ಚೇನಲ್ಲ. ಆದರೆ ಟಿಕೆಟನ್ನು ಅಂದವಾಗಿ ಕಾಣಲೆಂದು ಕೋಡಿನ ಅಂಚಿಗೇ ಕತ್ತರಿ ಹಾಕಿ ಬಣ್ಣದ ಕಾರ್ಡಿಗೆ ಅಂಟಿಸಿದರೆ ಕೋಡ್ ಎಲ್ಲಿ ಮುಗಿಯಿತೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ಸ್ಟೇಪಲ್ ಪಿನ್ನೂ ಅಲ್ಲಿ ಬೇಡ. ಹೊಳಪಿನ ಲ್ಯಾಮಿನೇಷನ್ ಮಾಡಿಸಿದರೆ ದೀಪದ ಬೆಳಕು ಕೋಡಿನ ಮೇಲೆ ಮಿಂಚುತ್ತದೆ.

ಮಡಿಕೆಯ ವಿಚಾರದಲ್ಲಿ ಕೆಲವರು "ಕ್ಯೂಆರ್ ಹರಿದರೂ ಓದ್ತದ ಬಿಡ್ರಿ" ಎನ್ನುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ಕೋಡ್ ತಯಾರಿಸುವಾಗ ನಾಲ್ಕು ಮಟ್ಟದ ತಿದ್ದುಪಡಿ ಸೌಲಭ್ಯದಲ್ಲಿ ಒಂದನ್ನು ಆರಿಸುತ್ತಾರೆ, ಕೆಳಗಿನದು ಶೇ. 7ರಷ್ಟು, ಮೇಲಿನದು ಶೇ. 30ರಷ್ಟು ಹಾನಿ ತಡೆಯುತ್ತದೆ. ನಮ್ಮ ಕೈಗೆ ಬಂದ ಟಿಕೆಟ್ ಯಾವ ಮಟ್ಟದ್ದೆಂದು ನೋಡಿದ ತಕ್ಷಣ ತಿಳಿಯದು. ಮೂಲೆಯ ಕಣ್ಣುಗಳಿಗಂತೂ ಆ ರಕ್ಷಣೆ ಇಲ್ಲವೇ ಇಲ್ಲ. ಗೆರೆ ಕೋಡಿನ ಮೇಲೆ ಬೀಳದಂತೆ ಹಾಳೆ ಮಡಚಿ, ನಾವೇ ಗಿರಾಕಿಯ ಕೈಗೆ ಕೊಡುತ್ತೇವೆ.

ಟೋನರ್ ಉಳಿಸುವ ಆಯ್ಕೆಯನ್ನು ಟಿಕೆಟ್‌ಗೆ ತೆಗೆದುಬಿಡಿ. ನೀಲಿ ಅಥವಾ ಹಸಿರು ಕೋಡನ್ನು ಕಪ್ಪು ಬಿಳುಪಿನ ಪ್ರಿಂಟರ್ ಬೂದು ಬಣ್ಣಕ್ಕೆ ತಿರುಗಿಸುತ್ತದೆ. ಆ ಬೂದು ಸಣ್ಣ ಸಣ್ಣ ಚುಕ್ಕಿಗಳ ಜಾಲರಿಯಾದ್ದರಿಂದ ಚೌಕಗಳ ಅಂಚೇ ಉಳಿಯುವುದಿಲ್ಲ. ಅಂಥದ್ದನ್ನು ಬಣ್ಣದಲ್ಲೇ ತೆಗೆಯಬೇಕು.

6. ಅಂಗಡಿಯ ಹಳೇ ಫೋನಿನಲ್ಲಿ ಓದಿಸಿ

ಹೊಸ ಫೋನಿನ ಕ್ಯಾಮೆರಾ ಎಂಥ ಕೋಡನ್ನೂ ಓದಿಬಿಡುತ್ತದೆ, ಅದು ಪರೀಕ್ಷೆಯಲ್ಲ. ಗಾಜು ಗೀರಿದ ಒಂದು ಹಳೇ ಫೋನನ್ನು ಇದಕ್ಕೆಂದೇ ಇಟ್ಟಿದ್ದೇವೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಗೇಣು ದೂರದಿಂದ ಹಿಡಿದು, ಹಿಡಿದ ಕೂಡಲೆ ಓದಬೇಕು. ಹತ್ತಿರ ದೂರ ಆಡಿಸಿದ ಮೇಲೆ ಓದಿದರೆ ಇನ್ನೊಮ್ಮೆ ದೊಡ್ಡದಾಗಿ ತೆಗೆಯುತ್ತೇವೆ. ಪರದೆಯ ಮೇಲೆ ಏನು ಬಂತೆಂದೂ ನೋಡಬೇಕು. ಎಷ್ಟೋ ಟಿಕೆಟ್‌ಗಳಲ್ಲಿ ಎರಡು ಕೋಡ್ ಇರುತ್ತವೆ, ಒಂದು ಪ್ರವೇಶದ್ದು, ಇನ್ನೊಂದು ಕಂಪನಿಯ ಆ್ಯಪ್ ಇಳಿಸಿಕೊಳ್ಳುವುದಕ್ಕೆ. ಜಾಹೀರಾತಿನ ಕೋಡೇ ದೊಡ್ಡದಾಗಿದ್ದು, ಕತ್ತರಿಸುವವರು ಅದನ್ನೇ ಉಳಿಸಿ ನಿಜವಾದದ್ದನ್ನು ಬಿಟ್ಟುಬಿಡುವುದುಂಟು.

7. ಶಂಶಾಬಾದಿಗೆ ಹೋಗುವವರಿಗೆ

ವಿಮಾನದ ಬೋರ್ಡಿಂಗ್ ಪಾಸ್ ಮೇಲಿರುವುದು ಎಲ್ಲ ಸಲವೂ ಕ್ಯೂಆರ್ ಅಲ್ಲ. ಕಾಗದದ ಪಾಸ್‌ನಲ್ಲಿ ಉದ್ದಕ್ಕೆ ಮಲಗಿದ ಪಿಡಿಎಫ್417 ಎಂಬ ಪಟ್ಟಿ ಕೋಡ್ ಇರಬಹುದು, ಫೋನಿಗೆ ಬಂದದ್ದರಲ್ಲಿ ನಡುವೆ ಒಂದೇ ಕಣ್ಣಿರುವ ಆಜ್‌ಟೆಕ್ ಕೂಡ ಇರಬಹುದು. ಅಲ್ಲಿ ನಮ್ಮ 3 ಮಿಲಿಮೀಟರ್ ಲೆಕ್ಕ ನಡೆಯದು. ಅಂಥದ್ದನ್ನು ಪೂರ್ತಿ ಪುಟವಾಗಿ 100ಕ್ಕೆ ನೂರರಷ್ಟೇ ತೆಗೆದು, ಅಗಲ ಅಥವಾ ಎತ್ತರ ಒಂದನ್ನೇ ಎಳೆಯದೆ, ಹಾಗೆಯೇ ಕೊಡುತ್ತೇವೆ.

ಕೆಟ್ಟ ಪ್ರಿಂಟುಗಳನ್ನು ರದ್ದಿ ಹಾಳೆಯ ಕಟ್ಟಿಗೆ ಹಾಕುವುದಿಲ್ಲ. ಗಾತ್ರ ಸರಿಯಿಲ್ಲದ ಕೋಡೂ ಯಾವುದೋ ಫೋನಿನಲ್ಲಿ ಓದೀತು, ಮೊದಲು ಸ್ಕ್ಯಾನ್ ಆದವರಿಗೇ ಗೇಟು ತೆರೆಯುತ್ತದೆ. ಅವನ್ನು ಗಿರಾಕಿಯ ಎದುರೇ ಹರಿದು ಹಾಕಿ, ಕಂಪ್ಯೂಟರಿನ Downloads ಒಳಗಿನ ಫೈಲನ್ನೂ ಅಳಿಸಿ, ಆಮೇಲೆ ಮುಂದಿನವರನ್ನು ಕರೆಯುತ್ತೇವೆ.