ಇಂಟರ್‌ವ್ಯೂ ಆದಮೇಲೆ ಯಾರನ್ನ, ಎಷ್ಟು ಸಲ ಕೇಳಬೇಕು?

ಕಲಘಟಗಿ ಕಡೆಯ ಐಟಿಐ, ಡಿಪ್ಲೊಮಾ ಹುಡುಗರು ಕೆಲಸಕ್ಕೆಂದು ಹೊರಡುವುದು ಹೆಚ್ಚಾಗಿ ಎರಡು ದಿಕ್ಕಿಗೆ. ಒಂದು, ಟಾಟಾ ಮೋಟರ್ಸ್, ಟಾಟಾ ಹಿಟಾಚಿಯಂಥ ಕಾರ್ಖಾನೆಗಳಿರುವ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ. ಇನ್ನೊಂದು, ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಸಣ್ಣ ವರ್ಕ್‌ಶಾಪುಗಳು. ಇಂಥ ಹುಡುಗರಿಗೆ ಕೆಲಸ ಹುಡುಕಿಕೊಡುವ ಉದ್ಯೋಗದಲ್ಲಿ ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಮೊದಲು ನಿರ್ಧಾರ ಯಾರ ಕೈಯಲ್ಲಿದೆ ನೋಡಿ

ಬಹುರಾಷ್ಟ್ರೀಯ ಕಂಪನಿಯಲ್ಲಿ ನಿಮ್ಮನ್ನು ಮೆಚ್ಚಿಕೊಂಡ ಎಂಜಿನಿಯರ್ ಒಬ್ಬ, ಕಾಗದ ಓಡಿಸುವ ಎಚ್‌ಆರ್ ಇನ್ನೊಬ್ಬ, ಹುದ್ದೆಗೆ ಮಂಜೂರಾತಿ ಕೊಡುವವರು ಪುಣೆಯಲ್ಲೋ ವಿದೇಶದಲ್ಲೋ. ವೈದ್ಯಕೀಯ ತಪಾಸಣೆ, ದಾಖಲೆಗಳ ಪರಿಶೀಲನೆ ಬೇರೆ. ಮೂರು ವಾರ ಸುದ್ದಿ ಇಲ್ಲವೆಂದರೆ ಕೆಲಸ ಕೈತಪ್ಪಿತೆಂದಲ್ಲ, ಫೈಲು ಯಾವುದೋ ಮೇಜಿನ ಮೇಲೆ ಕೂತಿದೆ ಅಷ್ಟೆ. ಎಚ್‌ಆರ್‌ಗೆ ದಿನಾ ಫೋನ್ ಮಾಡಿದರೂ ಅದು ಅಲುಗುವುದಿಲ್ಲ. ಸಣ್ಣ ವರ್ಕ್‌ಶಾಪಿನಲ್ಲಿ ಇವೆಲ್ಲ ಒಬ್ಬರೇ ಮಾಲಕರ ತಲೆಯಲ್ಲಿ ಇರುತ್ತವೆ. ಅವರು ಮರೆತರೆ ಕೆಲಸವೇ ಮರೆತಂತೆ.

2. ದೊಡ್ಡ ಕಂಪನಿಗೆ ಮೇಲ್, ಅದೂ ಕಡಿಮೆ

ಇಂಟರ್‌ವ್ಯೂ ಮುಗಿದ ಮರುದಿನ ಎರಡು ಸಾಲಿನ ಧನ್ಯವಾದ. ಆಮೇಲೆ ಅವರೇ ಹೇಳಿದ ಗಡುವು ಮುಗಿದು ಮೂರು ಕೆಲಸದ ದಿನ ಕಳೆಯುವವರೆಗೆ ಸುಮ್ಮನಿರಬೇಕು. ಗಡುವು ಹೇಳದಿದ್ದರೆ ಎರಡು ವಾರ. ಮೊದಲ ಮೇಲಿಗೇ ಉತ್ತರವಾಗಿ ಬರೆಯಿರಿ, ಹುದ್ದೆಯ ಹೆಸರು ಮತ್ತು ಅರ್ಜಿ ಸಂಖ್ಯೆ ವಿಷಯದ ಸಾಲಿನಲ್ಲಿರಲಿ. ನೂರಾರು ಅರ್ಜಿ ನೋಡುವವರಿಗೆ ‘ಮೊನ್ನೆ ಬಂದಿದ್ದ ಕಲಘಟಗಿ ಹುಡುಗ’ ಎಂದರೆ ನೆನಪಾಗುವುದಿಲ್ಲ, ಸಂಖ್ಯೆ ಹಾಕಿದರೆ ತಕ್ಷಣ ಸಿಗುತ್ತದೆ. ಕೇಳುವುದು ಒಂದೇ: ಪ್ರಕ್ರಿಯೆ ಎಲ್ಲಿಗೆ ಬಂದಿದೆ? ಮನೆಯ ಕಷ್ಟ ಬರೆಯಬೇಡಿ, ಅದನ್ನು ದಾಖಲಿಸಲು ಅಲ್ಲಿ ಜಾಗವಿಲ್ಲ. ಎರಡನೆಯ ಮೇಲಿಗೂ ಉತ್ತರ ಬರದಿದ್ದರೆ ಬೇರೆ ಕಡೆ ಹುಡುಕಿ. ಡಿಸೆಂಬರ್ ಕೊನೆಯ ವಾರದ ಮೌನವನ್ನಂತೂ ಲೆಕ್ಕಕ್ಕೆ ಹಿಡಿಯಲೇಬೇಡಿ.

3. ಸಣ್ಣ ಕಡೆ ಮುಖ ತೋರಿಸಬೇಕು

ಇಲ್ಲಿ ಮೇಲ್ ಕಳಿಸಿದರೆ ಯಾರೂ ತೆರೆಯುವುದಿಲ್ಲ. ಎರಡು-ಮೂರು ದಿನ ಬಿಟ್ಟು ಫೋನ್ ಮಾಡಿ, ಆಮೇಲೆ ವಾರಕ್ಕೊಂದು ಸಲ. ಬೆಳಗ್ಗೆ ಕೆಲಸ ಹಂಚುವ ಹೊತ್ತು ಬೇಡ, ಸಂಬಳ ಬಟವಾಡೆಯ ದಿನಗಳೂ ಬೇಡ. ಅಮಾವಾಸ್ಯೆ ಪೂಜೆಯ ಗಡಿಬಿಡಿಯಲ್ಲಿ ಮಾತೇ ತೆಗೆಯಬೇಡಿ. ಹನ್ನೊಂದರ ಮೇಲೆ, ‘ಸರ್, ನಾ ಕಲಘಟಗಿಯಿಂದ ಮಾತಾಡ್ತೀನ್ರಿ, ಹೋದ ಗುರುವಾರ ಲೇಥ್ ಮೇಲೆ ಪೀಸ್ ಹೊಡದು ತೋರ್ಸಿದ್ನಲ್ರಿ’ ಎಂದರೆ ಸಾಕು, ಮಾಡಿ ತೋರಿಸಿದ ಕೆಲಸದಿಂದಲೇ ಅವರು ಗುರುತಿಸುತ್ತಾರೆ. ಪರಿಚಯ ಮಾಡಿಕೊಟ್ಟವರಿದ್ದರೆ ಮೊದಲು ಅವರಿಗೊಂದು ಮಾತು ಹೇಳಿ. ಅವರನ್ನು ದಾಟಿ ಹೋದರೆ ಇಬ್ಬರಿಗೂ ಬೇಸರ.

‘ಹತ್ತನೇ ತಾರೀಖಿಗೆ ಬಾ’ ಎಂದರೆ ಹತ್ತಕ್ಕೇ ಹೋಗಿ ನಿಲ್ಲಬೇಕು. ಎಷ್ಟೋ ಸಲ ಆ ದಿನ ಆರ್ಡರ್ ಬರುವುದಿರುತ್ತದೆ, ಎದುರಿಗೆ ನಿಂತವನಿಗೇ ಕೆಲಸ.

4. ಎರಡೂ ಕಡೆ ಒಟ್ಟಿಗೆ ಕೂಡಿಬಂದಾಗ

ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ಬೇಲೂರಿನ ಕಂಪನಿಯೊಂದರಲ್ಲಿ ಇಂಟರ್‌ವ್ಯೂ ಕೊಟ್ಟು ಕಾಯುತ್ತಿದ್ದ. ಅಷ್ಟರಲ್ಲಿ ಗೋಕುಲ ರಸ್ತೆಯ ವಾಲ್ವ್ ತಯಾರಿಸುವ ವರ್ಕ್‌ಶಾಪಿನವರು ‘ಸೋಮವಾರ ಬಂದುಬಿಡು’ ಎಂದರು. ಕಂಪನಿಗೆ ಹೀಗೆ ಬರೆಸಿದೆ: ನನಗೆ ಬೇರೆಡೆ ಕೆಲಸ ಸಿಕ್ಕಿದೆ, ಶುಕ್ರವಾರದೊಳಗೆ ಉತ್ತರಿಸಬೇಕಿದೆ, ಅಷ್ಟರಲ್ಲಿ ನಿಮ್ಮ ನಿರ್ಧಾರ ತಿಳಿಯಬಹುದೇ? ದೊಡ್ಡ ಕಂಪನಿಯಲ್ಲಿ ಇದು ಬೆದರಿಕೆ ಅಲ್ಲ, ಫೈಲು ಮೇಲಕ್ಕೆ ಬರಲು ಅವರಿಗೊಂದು ಕಾರಣ. ‘ಇನ್ನೂ ಎರಡು ವಾರ ಬೇಕು’ ಎಂಬ ಸ್ಪಷ್ಟ ಉತ್ತರ ಬಂತು.

ಅದೇ ಮಾತನ್ನು ವರ್ಕ್‌ಶಾಪಿನ ಮಾಲಕರಿಗೆ ಹೇಳುವುದು ಬೇಡವೆಂದೆ. ‘ಬೇರೆ ಕಡೆಯಿಂದಲೂ ಕರೆದಾರ್ರಿ’ ಎಂದರೆ ಚೌಕಾಸಿ ಮಾಡುತ್ತಿದ್ದಾನೆಂದು ತಿಳಿಯುತ್ತಾರೆ, ‘ಹಾಂಗಾದ್ರ ಅಲ್ಲೇ ಹೋಗಪಾ’ ಎಂದುಬಿಡುತ್ತಾರೆ. ಹಾಗೆಂದು ಎರಡು ವಾರದ ಮಟ್ಟಿಗೆ ಸೇರಿ ಹೇಳದೆ ಬಿಟ್ಟುಹೋಗುವುದೂ ಸಲ್ಲದು. ಗೋಕುಲ ರಸ್ತೆಯಲ್ಲಿ ಮಾಲಕರು ಪರಸ್ಪರ ಬಲ್ಲವರು, ಮುಂದಿನ ವರ್ಷ ಅದೇ ಊರಿನ ಇನ್ನೊಬ್ಬ ಹುಡುಗ ಹೋದಾಗ ಅದರ ಬೆಲೆ ತೆರುತ್ತಾನೆ. ಆದ್ದರಿಂದ ಸೋಮವಾರದೊಳಗೆ ಒಂದು ಕಡೆ ಮನಸ್ಸು ಗಟ್ಟಿ ಮಾಡಿಕೊಳ್ಳಲು ಹೇಳಿದೆ. ಅವನು ವರ್ಕ್‌ಶಾಪು ಹಿಡಿದ, ಕಂಪನಿಗೆ ಅರ್ಜಿ ಹಿಂಪಡೆಯುವ ಎರಡು ಸಾಲು ಬರೆದ. ನನ್ನ ಲೆಕ್ಕದಲ್ಲಿ ಸರಿಯಾದ ತೀರ್ಮಾನವೇ, ಕೆಲವರು ಒಪ್ಪಲಿಕ್ಕಿಲ್ಲ.

5. ದೊಡ್ಡ ಗೇಟಿನೊಳಗೂ ಸಣ್ಣ ಕಂಪನಿ ಇರುತ್ತದೆ

ಐಟಿಐ ಮುಗಿಸಿ ಅಪ್ರೆಂಟಿಸ್ ಆಗುವವರು apprenticeshipindia.gov.in ನಲ್ಲಿ ನೋಂದಾಯಿಸುತ್ತಾರೆ. ಅಲ್ಲಿಂದ ಕಂಪನಿ ನೇರವಾಗಿ ತೆಗೆದುಕೊಂಡರೆ ಎರಡನೇ ಪಾಠದ ರೀತಿಯೇ ನಡೆಯುತ್ತದೆ. ಆದರೆ ಅದೇ ಕಾರ್ಖಾನೆಯಲ್ಲಿ ಗುತ್ತಿಗೆದಾರರ ಮೂಲಕ ಸೇರುವವರೂ ಬಹಳ. ಅವರಿಗೆ ಕಂಪನಿಯ ಎಚ್‌ಆರ್ ಉತ್ತರ ಕೊಡುವುದಿಲ್ಲ, ಕೊಡಲು ಬರುವುದೂ ಇಲ್ಲ. ಅಲ್ಲಿ ಗುತ್ತಿಗೆದಾರನ ಸೂಪರ್‌ವೈಸರ್‌ಗೆ ಫೋನ್ ಮಾಡಬೇಕು, ವಾರಕ್ಕೊಂದು ಸಲ, ಮೂರನೇ ಪಾಠದ ಹಾಗೆ. ಹಾಗಾಗಿ ಯಾರನ್ನಾದರೂ ಕೇಳುವ ಮೊದಲು, ಸಂಬಳ ಕೊಡುವವರು ಯಾರೆಂದು ಇಂಟರ್‌ವ್ಯೂ ದಿನವೇ ತಿಳಿದುಕೊಂಡು ಬನ್ನಿ.