ಚೀನೀ ಭಾಷೆಯ ‘ಷಿ–ದ’ವೂ ನಮ್ಮ ‘ಬಂದದ್ದೂ’

ಗಂಗಾನಗರಕ್ಕೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿರುವಳೆಂದು ಎಣಿಸೋಣ. ಇದನ್ನರಿಯದವರಿಗೆ ನಾವು “ಅವಳು ಬಂದಳು” ಎಂದು ಸುದ್ದಿ ಹೇಳುತ್ತೇವೆ. ಚೀನದ ಮಾಂಡರಿನ್ ಭಾಷೆಯಲ್ಲಿ ಇದು “ತಾ ಲಾಯ್ ಲ” ಎಂದಾಗುವದು. ಅವಳನ್ನು ಕಣ್ಣಾರೆ ಕಂಡವರಾದರೋ ಬಂದಳೇ ಎಂದು ಕೇಳರು. ಬಂದದ್ದು ಎಂದು, ಎಲ್ಲಿಂದ, ಹೇಗೆ ಎಂದು ಕೇಳುವರು. ಆಗ ನಾವು “ಅವಳು ಬಂದದ್ದು ನಿನ್ನೆ” ಎನ್ನುತ್ತೇವೆ; ಚೀನಿಯರು “ತಾ ಷಿ ಜ್ವೊಥ್ಯೆನ್ ಲಾಯ್ ದ” ಎನ್ನುತ್ತಾರೆ. ತಾ ಎಂದರೆ ಅವಳು, ಜ್ವೊಥ್ಯೆನ್ ಎಂದರೆ ನಿನ್ನೆ, ಲಾಯ್ ಎಂದರೆ ಬರುವದು.

ಭೇದವಿರುವದು ಪದಗಳ ಸ್ಥಾನದಲ್ಲಿ. ಒತ್ತಿಹೇಳತಕ್ಕ ಮಾತನ್ನು ನಾವು ಕೊನೆಗೆ ಒಯ್ಯುತ್ತೇವೆ. ಅವರು ಅದನ್ನು ಇದ್ದಲ್ಲಿಯೇ ಇರಿಸಿ, ಅದಕ್ಕೆ ಮೊದಲು ‘ಷಿ’ಯನ್ನೂ ವಾಕ್ಯದ ಕೊನೆಗೆ ‘ದ’ವನ್ನೂ ಸೇರಿಸುತ್ತಾರೆ. ಜ್ವೊಥ್ಯೆನ್ ಇದ್ದಲ್ಲಿ “ಛೊಂಗ್ ಬೇಯ್ಜಿಂಗ್” ಎಂದಿಟ್ಟರೆ ಬಂದದ್ದು ಬೇಯ್ಜಿಂಗಿನಿಂದ. “ಜ್ವೊ ಹ್ವೊಛ” ಎಂದಿಟ್ಟರೆ ಬಂದದ್ದು ರೈಲಿನಲ್ಲಿ.

ಕಲಿಯುವವರು ಎಡವುವದು ನಿಷೇಧದಲ್ಲಿ. “ತಾ ಮೇಯ್ ಲಾಯ್” ಎಂದರೆ ಅವಳು ಬರಲೇ ಇಲ್ಲ. “ತಾ ಬು ಷಿ ಜ್ವೊ ಹ್ವೊಛ ಲಾಯ್ ದ” ಎಂದರೆ ಬಂದದ್ದು ನಿಜ, ರೈಲಿನಲ್ಲಿ ಮಾತ್ರ ಅಲ್ಲ. ನಮ್ಮ ‘ಇಲ್ಲ’ ‘ಅಲ್ಲ’ಗಳೊಳಗಿನ ಅಂತರವನ್ನು ನೆನೆದರೆ ಇದು ತಾನಾಗಿ ತಿಳಿಯುವದು. ‘ಷಿ’ಯನ್ನು ಬೇರೆಡೆ ಬಿಡುವದುಂಟು, ನಿಷೇಧದಲ್ಲಿ ಬಿಡಲಾಗದು.

ಒಂದು ಮಿತಿಯುಂಟು. ನಾವು “ಬರುವದು ನಾಳೆ” ಎಂದೂ ಹೇಳಬಲ್ಲೆವು. ಈ ‘ಷಿ–ದ’ವಾದರೋ ನಡೆದುಹೋದ ಸಂಗತಿಗೇ ಸಲ್ಲುವದು.